ಹಲವು ಬಗೆಯ ವಾಲ್ವ್, ಒಂದೇ ಓವರ್‌ಹೆಡ್ ದರ: ಇಆರ್‌ಪಿಯಲ್ಲಿ ಎಬಿಸಿ ತರುವ ಮೊದಲು ಏನು ಸರಿಪಡಿಸಬೇಕು?

ಹುಬ್ಬಳ್ಳಿ_ಕಾಸ್ಟಿಂಗ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಕೈಗಾರಿಕಾ ವಾಲ್ವ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಕಾಸ್ಟಿಂಗ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ಮೂರು ಬಗೆಯ ಸರಕು ಇದೆ. ಮಾಮೂಲಿ ಗೇಟ್ ವಾಲ್ವ್ ಒಂದೊಂದು ಬ್ಯಾಚಿಗೆ 200 ಹೋಗುತ್ತದೆ. ಬಾಲ್ ವಾಲ್ವ್ ಮಧ್ಯಮ ಪ್ರಮಾಣದ್ದು. ಮೂರನೆಯದು ಗ್ರಾಹಕರು ನಕ್ಷೆ ಕೊಟ್ಟು ಮಾಡಿಸುವ ಸ್ಪೆಷಲ್ ವಾಲ್ವ್, ಒಂದು ಆರ್ಡರಿಗೆ ನಾಲ್ಕೇ ನಾಲ್ಕು.

ತಿಂಗಳ ಕಾರ್ಖಾನೆ ಓವರ್‌ಹೆಡ್ 36,00,000 ರೂಪಾಯಿ, ಸಾಮಾನ್ಯ ತಿಂಗಳಲ್ಲಿ ಯಂತ್ರಗಳು ಓಡುವುದು 6,000 ಗಂಟೆ. ಹಾಗಾಗಿ ಇಆರ್‌ಪಿಯಲ್ಲಿ (ನಮ್ಮದು ಸ್ಯಾಪ್) ಯಂತ್ರ ಗಂಟೆಗೆ 600 ರೂಪಾಯಿ ಎಂಬ ಒಂದೇ ದರ ಇದೆ. ಗೇಟ್ ವಾಲ್ವಿಗೆ ಒಂದೂವರೆ ಗಂಟೆ, ಅಂದರೆ 900. ಸ್ಪೆಷಲ್ ವಾಲ್ವಿಗೆ ನಾಲ್ಕು ಗಂಟೆ, ಅಂದರೆ 2,400.

ಎರಡು ವರ್ಷದಿಂದ ಗೇಟ್ ವಾಲ್ವಿನ ಟೆಂಡರ್‌ಗಳಲ್ಲಿ ನಾವು ದರ ಹೆಚ್ಚಾಯಿತೆಂದು ಸೋಲುತ್ತಿದ್ದೇವೆ. ಸ್ಪೆಷಲ್ ಆರ್ಡರ್‌ಗಳು ಮಾತ್ರ ಬಾಗಿಲು ತಟ್ಟಿಕೊಂಡು ಬರುತ್ತಿವೆ. ವರದಿ ನೋಡಿದರೆ ಸ್ಪೆಷಲ್‌ನಲ್ಲಿ ಒಳ್ಳೆಯ ಲಾಭ, ವರ್ಷಾಂತ್ಯದ ಲೆಕ್ಕದಲ್ಲಿ ಕಾರ್ಖಾನೆಗೆ ಲಾಭವೇ ಇಲ್ಲ. ಇದರ ಜೊತೆಗೆ ಕಳೆದ ತಿಂಗಳು ಕೆಲಸ ಕಡಿಮೆಯಾಗಿ 5,000 ಗಂಟೆ ಮಾತ್ರ ಓಡಿತು. ಆದ ಖರ್ಚು 35,00,000. ಉತ್ಪಾದನೆಗೆ ಹೋದದ್ದು 30,00,000. ಉಳಿದ ಐದು ಲಕ್ಷ ಕಾಸ್ಟ್ ಸೆಂಟರ್‌ನಲ್ಲೇ ಕುಳಿತಿದೆ. ಖರ್ಚನ್ನು ಕೆಲಸವಾರು ಹಂಚುವ ಎಬಿಸಿ ತಂದರೆ ಈ ಎರಡೂ ಸರಿಹೋಗುತ್ತವೆಯೇ? ಎಲ್ಲಿಂದ ಆರಂಭಿಸಬೇಕು?

---

ಪೀಣ್ಯ_ಘಟಕ ಬರೆದದ್ದು:

ಮೇಡಂ, ಇದಕ್ಕೆ ಎಬಿಸಿ ಬೇಕಾಗಿಲ್ಲ. ನಿಮ್ಮ ದರ ಹಳೆಯದು, ಅಷ್ಟೇ. 35 ಲಕ್ಷವನ್ನು 5,000 ಗಂಟೆಗೆ ಭಾಗಿಸಿ, 700 ಬರುತ್ತದೆ. ಪ್ರತಿ ತಿಂಗಳೂ ನಿಜವಾದ ದರ ಹಾಕಿದರೆ ಕಾಸ್ಟ್ ಸೆಂಟರ್‌ನಲ್ಲಿ ಒಂದು ರೂಪಾಯಿಯೂ ಉಳಿಯುವುದಿಲ್ಲ. `KSII` ನಡೆಸಿ ನಿಜ ದರ ತೆಗೆದು, `CON2` ಮೂಲಕ ಆರ್ಡರ್‌ಗಳನ್ನು ಮರುಮೌಲ್ಯ ಮಾಡಿಬಿಡಿ. ನಾವು ಹೀಗೆಯೇ ಮಾಡುತ್ತಿದ್ದೇವೆ, ಆಡಿಟ್‌ನಲ್ಲಿ ಯಾರೂ ಕೇಳಿಲ್ಲ.

---

ನಿವೃತ್ತ_ಲೆಕ್ಕಿಗ ಬರೆದದ್ದು:

ಪೀಣ್ಯದವರು ಹೇಳಿದ್ದರಲ್ಲಿ ಅರ್ಧ ಸರಿ. ಕರೆಂಟು, ಕೂಲಂಟ್, ಟೂಲ್ ಬಿಟ್‌ನಂತೆ ಕೆಲಸದ ಜೊತೆ ಏರಿಳಿಯುವ ಖರ್ಚನ್ನು ನಿಜ ಬಳಕೆಯ ಮೇಲೆ ಹಾಕುವುದು ತಪ್ಪಲ್ಲ. ಸವಕಳಿ, ಶೆಡ್ಡಿನ ಬಾಡಿಗೆ, ಮೇಲ್ವಿಚಾರಕರ ಸಂಬಳ ಹಾಗಲ್ಲ. ಎಎಸ್ 2 ಆಗಲಿ ಇಂಡ್ ಎಎಸ್ 2 ಆಗಲಿ, ಸ್ಥಿರ ಉತ್ಪಾದನಾ ವೆಚ್ಚವನ್ನು ಸಾಮಾನ್ಯ ಸಾಮರ್ಥ್ಯದ ಆಧಾರದ ಮೇಲೆ ಹಂಚಬೇಕು ಎನ್ನುತ್ತವೆ. ಯಂತ್ರ ಖಾಲಿ ಕುಳಿತ ಗಂಟೆಗಳ ಖರ್ಚನ್ನು ದಾಸ್ತಾನಿಗೆ ಏರಿಸುವಂತಿಲ್ಲ, ಆ ಅವಧಿಯ ಖರ್ಚಾಗಿಯೇ ಬರೆಯಬೇಕು. ಯಾರೂ ಕೇಳಿಲ್ಲ ಎಂದಮಾತ್ರಕ್ಕೆ ಅದು ಸರಿಯಾಗುವುದಿಲ್ಲ.

ಲೆಕ್ಕದ ನಿಯಮಕ್ಕಿಂತ ದೊಡ್ಡ ಅಪಾಯ ಬೆಲೆಯಲ್ಲಿದೆ. ಕೆಲಸ ಕಡಿಮೆಯಾದ ತಿಂಗಳು ದರ 700 ಆಯಿತು. ಆ 700 ನೋಡಿ ಮಾರಾಟದವರು ಗೇಟ್ ವಾಲ್ವಿನ ಬೆಲೆ ಏರಿಸಿದರು. ಮುಂದಿನ ಟೆಂಡರ್ ಹೋಯಿತು, ಗಂಟೆ 4,300ಕ್ಕೆ ಇಳಿಯಿತು, ದರ 800ಕ್ಕೆ ಹತ್ತಿರವಾಯಿತು. ಹೀಗೆ ಬೆಲೆ ಏರಿಸುತ್ತಲೇ ಬಾಗಿಲು ಹಾಕಿದ ಎರಡು ಘಟಕಗಳ ಲೆಕ್ಕಪುಸ್ತಕವನ್ನು ನಾನೇ ಕೈಯಾರೆ ಮುಚ್ಚಿದ್ದೇನೆ.

ಹುಬ್ಬಳ್ಳಿಯವರ ಐದು ಲಕ್ಷವನ್ನು ಬಿಡಿಸಿ ನೋಡಿ. ಸಾವಿರ ಗಂಟೆ ಖಾಲಿ, ಗಂಟೆಗೆ 600 ಎಂದರೆ ಆರು ಲಕ್ಷ. ಕೆಲಸ ಕಡಿಮೆಯಾದ್ದರಿಂದ ಖರ್ಚು ಒಂದು ಲಕ್ಷ ಇಳಿದಿದೆ. ಆರರಲ್ಲಿ ಒಂದು ಹೋದರೆ ಐದು. ಈ ಐದು ಲಕ್ಷಕ್ಕೂ ಯಾವ ವಾಲ್ವಿಗೂ ಸಂಬಂಧವಿಲ್ಲ. ಅದು ಖಾಲಿ ಯಂತ್ರದ ಖರ್ಚು, ಅದನ್ನು ಆ ಹೆಸರಿನಲ್ಲೇ ಆಡಳಿತದ ಮುಂದೆ ಇಡಬೇಕು. ನಿಜ ದರ ಬೇಕೇ ಬೇಕೆಂದರೆ `KP26`ನಲ್ಲಿ ಸಾಮರ್ಥ್ಯದ ಕಾಲಂ ತುಂಬಿ, ನಿಜ ದರದ ಸೂಚಕವನ್ನು 6 ಎಂದು ಇಡಿ. ಆಗ ಸ್ಥಿರ ಖರ್ಚನ್ನು ಭಾಗಿಸುವುದು ಓಡಿದ ಗಂಟೆಯಿಂದಲ್ಲ, ಸಾಮರ್ಥ್ಯದಿಂದ. 5 ಇಟ್ಟರೆ ಮತ್ತೆ ಪೀಣ್ಯದ ದಾರಿಗೇ ಬರುತ್ತೀರಿ.

ಎಬಿಸಿ ಸರಿಪಡಿಸುವುದು ನಿಮ್ಮ ಮೊದಲ ತೊಂದರೆಯನ್ನು, ಎರಡನೆಯದನ್ನಲ್ಲ. ಒಂದು ವಾಲ್ವಿನ ಖರ್ಚು ಇನ್ನೊಂದರ ತಲೆಯ ಮೇಲೆ ಕುಳಿತಿರುವುದು ಬೇರೆ, ಯಾರ ತಲೆಗೂ ಹೋಗದ ಖರ್ಚು ಬೇರೆ. ಎರಡನ್ನೂ ಒಂದೇ ಔಷಧದಿಂದ ಗುಣಪಡಿಸಲು ಹೊರಟರೆ ಎರಡೂ ಕೆಡುತ್ತವೆ. ಆ 36 ಲಕ್ಷದಲ್ಲಿ ಏನೇನಿದೆ ಎಂದು ಬರೆಯುತ್ತೀರಾ? ಜೊತೆಗೆ ತಿಂಗಳಿಗೆ ಎಷ್ಟು ಬ್ಯಾಚ್, ಎಷ್ಟು ಸೆಟ್ಟಿಂಗ್ ಎನ್ನುವುದೂ ಬೇಕು.

---

ದಾವಣಗೆರೆ_ಮಸಾಲೆ ಬರೆದದ್ದು:

ನಮ್ಮದು ಸಾಂಬಾರ್ ಪುಡಿ, ರಸಂ ಪುಡಿ, ಖಾರದ ಪುಡಿ ಮಾಡುವ ಸಣ್ಣ ಘಟಕ. ಇಆರ್‌ಪಿನೆಕ್ಸ್ಟ್ ಬಳಸುತ್ತೇವೆ. ನನಗೂ ಇದೇ ಪ್ರಶ್ನೆ ಇತ್ತು: ಜಾಹೀರಾತಿನ ಖರ್ಚು, ಪೇಟೆಯಲ್ಲಿರುವ ಕಚೇರಿಯ ಬಾಡಿಗೆ ಇವನ್ನೆಲ್ಲ ಪ್ರತಿ ಕಿಲೋ ಪುಡಿಗೆ ಎಷ್ಟು ಶೇಕಡಾ ಹಾಕಬೇಕು? ಯಾರಾದರೂ ಒಂದು ಸೂತ್ರ ಹೇಳಿದರೆ ಉಪಕಾರ.

---

ನಿವೃತ್ತ_ಲೆಕ್ಕಿಗ ಬರೆದದ್ದು:

ದಾವಣಗೆರೆಯವರೇ, ಇಲ್ಲಿ ಮಾತಾಗುತ್ತಿರುವುದು ಕಾರ್ಖಾನೆಯ ಒಳಗಿನ ಖರ್ಚಿನ ಬಗ್ಗೆ. ಜಾಹೀರಾತು, ಮಾರಾಟ ಕಚೇರಿಯ ಬಾಡಿಗೆ ದಾಸ್ತಾನಿನ ಮೌಲ್ಯಕ್ಕೆ ಸೇರುವುದೇ ಇಲ್ಲ. ಬೆಲೆ ನಿಗದಿ ಮಾಡುವಾಗ ಅವನ್ನು ಬೇರೆಯಾಗಿ ನೋಡಿ. ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ: ಖಾರದ ಪುಡಿ ಅರೆದ ಮೇಲೆ ರಸಂ ಪುಡಿ ಹಾಕುವ ಮೊದಲು ಯಂತ್ರ ತೊಳೆಯಲು ಎಷ್ಟು ಹೊತ್ತು ಬೇಕು? ಆ ಹೊತ್ತು ನಿಮ್ಮ ಲೆಕ್ಕದಲ್ಲಿ ಎಲ್ಲಿದೆ?

---

ಹುಬ್ಬಳ್ಳಿ_ಕಾಸ್ಟಿಂಗ್ ಬರೆದದ್ದು:

ಸರ್, ಮೂರು ದಿನ ಕುಳಿತು ವಿಂಗಡಿಸಿದೆ. ಯಂತ್ರ ಓಡಿಸುವ ಖರ್ಚು, ಅಂದರೆ ವಿದ್ಯುತ್, ಸವಕಳಿ, ದುರಸ್ತಿ ಎಲ್ಲ ಸೇರಿ 21,00,000. ಸೆಟ್ಟಿಂಗ್ ವಿಭಾಗ (ಐವರು ಸೆಟ್ಟರ್‌ಗಳು, ಫಿಕ್ಸ್ಚರ್ ಕೋಣೆ, ಟ್ರಯಲ್ ಪೀಸ್‌ಗಳು) 7,20,000. ಆರ್ಡರ್ ಬಂದಾಗ ನಕ್ಷೆ ಪರಿಶೀಲಿಸಿ, ಪ್ರೋಸೆಸ್ ಶೀಟ್ ಬರೆದು, ಪ್ಲ್ಯಾನಿಂಗ್ ಮಾಡುವವರ ಖರ್ಚು 4,80,000. ಹೈಡ್ರೋ ಟೆಸ್ಟ್ ಮತ್ತು ಟೆಸ್ಟ್ ಸರ್ಟಿಫಿಕೇಟ್ 3,00,000. ಒಟ್ಟು 36 ಲಕ್ಷಕ್ಕೆ ಸರಿಯಾಗಿ ಕೂಡುತ್ತದೆ.

ತಿಂಗಳಿಗೆ ಗೇಟ್ ವಾಲ್ವ್ 15 ಬ್ಯಾಚ್, ಬಾಲ್ ವಾಲ್ವ್ 10, ಸ್ಪೆಷಲ್ 35, ಒಟ್ಟು 60 ಆರ್ಡರ್. ಪ್ರತಿ ಬ್ಯಾಚಿಗೂ ಆರು ಸೆಟ್ಟಿಂಗ್, ಹಾಗಾಗಿ 360 ಸೆಟ್ಟಿಂಗ್. ಟೆಸ್ಟ್ ಲಾಟ್ ಗೇಟ್ ವಾಲ್ವಿಗೆ ಬ್ಯಾಚಿಗೆ ಎರಡು, ಉಳಿದವಕ್ಕೆ ಒಂದೊಂದು, ಒಟ್ಟು 75. ಗಂಟೆಯ ಪ್ರಕಾರ ಗೇಟ್ ವಾಲ್ವ್ 4,500, ಬಾಲ್ 940, ಸ್ಪೆಷಲ್ 560.

---

ನಿವೃತ್ತ_ಲೆಕ್ಕಿಗ ಬರೆದದ್ದು:

ಬಹಳ ಅಚ್ಚುಕಟ್ಟಾಗಿ ಬಿಡಿಸಿದ್ದೀರಿ ಅಮ್ಮಾ. ಈಗ ಒಂದು ಗೇಟ್ ವಾಲ್ವ್ ಬ್ಯಾಚನ್ನೂ ಒಂದು ಸ್ಪೆಷಲ್ ಬ್ಯಾಚನ್ನೂ ಅಕ್ಕಪಕ್ಕ ಇಡೋಣ.

ಯಂತ್ರ ಗಂಟೆಗೆ 350, ಒಂದು ಸೆಟ್ಟಿಂಗಿಗೆ 2,000, ಒಂದು ಆರ್ಡರಿಗೆ 8,000, ಒಂದು ಟೆಸ್ಟ್ ಲಾಟಿಗೆ 4,000. ಇವು ನೀವು ಕೊಟ್ಟ ಮೊತ್ತಗಳನ್ನು ಭಾಗಿಸಿದರೆ ಬರುವ ದರಗಳು.

200 ಗೇಟ್ ವಾಲ್ವಿನ ಬ್ಯಾಚಿಗೆ 300 ಗಂಟೆ, 1,05,000. ಸೆಟ್ಟಿಂಗ್ 12,000. ಆರ್ಡರ್ 8,000. ಟೆಸ್ಟ್ 8,000. ಒಟ್ಟು 1,33,000, ಒಂದು ವಾಲ್ವಿಗೆ 665. ನಿಮ್ಮ ಇಆರ್‌ಪಿ ಹೇಳುತ್ತಿರುವುದು 900.

ನಾಲ್ಕು ಸ್ಪೆಷಲ್ ವಾಲ್ವಿನ ಬ್ಯಾಚಿಗೆ 16 ಗಂಟೆ, 5,600. ಸೆಟ್ಟಿಂಗ್ ಅದೇ 12,000. ಆರ್ಡರ್ ಅದೇ 8,000. ಟೆಸ್ಟ್ 4,000. ಒಟ್ಟು 29,600, ಒಂದು ವಾಲ್ವಿಗೆ 7,400. ಇಆರ್‌ಪಿ ಹೇಳುತ್ತಿರುವುದು 2,400.

ಬಾಲ್ ವಾಲ್ವಿನ ತಿಂಗಳ ಪಾಲು ಹಳೆಯ ಲೆಕ್ಕದಲ್ಲಿ 5,64,000, ಹೊಸದರಲ್ಲಿ 5,69,000. ಅಲ್ಲಿ ಹೆಚ್ಚುಕಡಿಮೆ ಏನೂ ಬದಲಾಗಲಿಲ್ಲ. ಇದನ್ನು ಗಮನಿಸಿ, ಏಕೆಂದರೆ ಒಂದೇ ದರ ಎಲ್ಲ ಕಡೆಯೂ ತಪ್ಪು ಎಂದು ಭಾವಿಸುವವರಿದ್ದಾರೆ. ಬ್ಯಾಚಿನ ಗಾತ್ರ ಸರಾಸರಿಗೆ ಹತ್ತಿರವಿದ್ದ ಕಡೆ ಒಂದೇ ದರವೂ ಸರಿಯಾದ ಉತ್ತರವನ್ನೇ ಕೊಡುತ್ತದೆ. ತಪ್ಪು ಹುಟ್ಟುವುದು ಎರಡು ತುದಿಗಳಲ್ಲಿ. ತಿಂಗಳಿಗೆ ಏಳು ಲಕ್ಷದಷ್ಟು ಸ್ಪೆಷಲ್ ವಾಲ್ವಿನ ಖರ್ಚನ್ನು ನಿಮ್ಮ ಗೇಟ್ ವಾಲ್ವ್ ಹೊತ್ತುಕೊಂಡು ಟೆಂಡರಿಗೆ ಹೋಗುತ್ತಿದೆ.

ಕೂಡಲೇ ಎಬಿಸಿ ಮಾಡ್ಯೂಲ್ ಕಟ್ಟಲು ಹೊರಡಬೇಡಿ. ಬಿಸಿನೆಸ್ ಪ್ರೋಸೆಸ್, ಟೆಂಪ್ಲೇಟ್ ಎಲ್ಲ ಸ್ಯಾಪ್‌ನಲ್ಲಿವೆ (`CP01`, `CPT1`). ಆದರೆ ನಿಮ್ಮ ಖರ್ಚಿನ ಬಹುಪಾಲನ್ನು ರೂಟಿಂಗ್‌ನಲ್ಲೇ ಹಿಡಿಯಬಹುದು. ಮೊದಲು ನಿಮ್ಮ ರೂಟಿಂಗ್‌ನಲ್ಲಿ ಸೆಟ್ಟಿಂಗ್ ಸಮಯದ ಜಾಗ ತುಂಬಿದೆಯೇ ನೋಡಿ.

---

ಹುಬ್ಬಳ್ಳಿ_ಕಾಸ್ಟಿಂಗ್ ಬರೆದದ್ದು:

ಸರ್, ನೋಡಿದೆ. ಎಲ್ಲ ಆಪರೇಷನ್‌ಗಳಲ್ಲೂ ಸೆಟ್ಟಿಂಗ್ ಜಾಗದಲ್ಲಿ ಸೊನ್ನೆ. ಇಆರ್‌ಪಿ ತಂದ ವರ್ಷ ಯಂತ್ರದ ಸಮಯವನ್ನು ಮಾತ್ರ ತುಂಬಿದ್ದರು, ಸೆಟ್ಟರ್‌ಗಳ ಖರ್ಚು ದರದೊಳಗೆ ಸೇರಿಹೋಗಿದೆ.

ಪರೀಕ್ಷೆಯ ಸಿಸ್ಟಮ್‌ನಲ್ಲಿ ಸೆಟ್ಟಿಂಗಿಗೆ ಬೇರೆ ಆ್ಯಕ್ಟಿವಿಟಿ ಟೈಪ್ ಮಾಡಿ 2,000 ದರ ಕೊಟ್ಟು, ಸ್ಪೆಷಲ್ ವಾಲ್ವಿನ ಆರು ಆಪರೇಷನ್‌ಗಳಲ್ಲೂ ಒಂದೊಂದು ಸೆಟ್ಟಿಂಗ್ ಹಾಕಿದೆ. ಯಂತ್ರದ ದರವನ್ನು 350ಕ್ಕೆ ಇಳಿಸಿ `CK11N` ನಡೆಸಿದೆ. ಓವರ್‌ಹೆಡ್ 1,520 ಬಂತು! 2,400 ಇದ್ದದ್ದು ಏರುವ ಬದಲು ಇಳಿಯಿತು. ನಾಲ್ಕು ಗಂಟೆಗೆ 1,400 ಸರಿ, ಆದರೆ ಸೆಟ್ಟಿಂಗ್ 3,000 ಬರುವ ಜಾಗದಲ್ಲಿ 120 ಮಾತ್ರ ಬಂದಿದೆ. ಎಲ್ಲಿ ತಪ್ಪಿದೆ ಎಂದು ತಿಳಿಯದೆ ನಿನ್ನೆ ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ.

---

ಸ್ಯಾಪ್_ಬೆಳಗಾವಿ ಬರೆದದ್ದು:

ಮೇಡಂ, 12,000ವನ್ನು 120ರಿಂದ ಭಾಗಿಸಿದರೆ ನೂರು. ಮೆಟೀರಿಯಲ್ ಮಾಸ್ಟರ್‌ನ ಕಾಸ್ಟಿಂಗ್ 1 ಪುಟದಲ್ಲಿ ಕಾಸ್ಟಿಂಗ್ ಲಾಟ್ ಸೈಜ್ ಎಂಬ ಜಾಗ ಇದೆ. ಅಲ್ಲಿ 100 ಇರಬೇಕು. ಸಿಸ್ಟಮ್ ಒಂದೇ ಬಾರಿಗೆ ನೂರು ಸ್ಪೆಷಲ್ ವಾಲ್ವ್ ಮಾಡುತ್ತೀರಿ ಎಂದು ನಂಬಿ, ಒಂದು ಬಾರಿಯ ಸೆಟ್ಟಿಂಗನ್ನು ನೂರಕ್ಕೆ ಹಂಚಿದೆ.

ಒಂದೊಂದೇ ತೆರೆದು ನೋಡಬೇಡಿ. `SE16N`ನಲ್ಲಿ ಹೀಗೆ ತೆಗೆಯಿರಿ:

```
MARC : MATNR, WERKS, LOSGR   (ಕಾಸ್ಟಿಂಗ್ ಲಾಟ್ ಸೈಜ್)
PLPO : PLNNR, VORNR, VGW01   (ಮೊದಲ ಸ್ಟ್ಯಾಂಡರ್ಡ್ ಮೌಲ್ಯ)
```

ಸಾಮಾನ್ಯವಾಗಿ `VGW01` ಸೆಟ್ಟಿಂಗ್ ಆಗಿರುತ್ತದೆ, ಆದರೆ ನಿಮ್ಮ ವರ್ಕ್ ಸೆಂಟರ್‌ನ ಸ್ಟ್ಯಾಂಡರ್ಡ್ ವ್ಯಾಲ್ಯೂ ಕೀ ನೋಡಿ ಖಚಿತಪಡಿಸಿಕೊಳ್ಳಿ. ಸೆಟ್ಟಿಂಗಿನ ಸೂತ್ರದಲ್ಲಿ ಪ್ರಮಾಣ ಬರಬಾರದು. ಕೆಲವು ಕಡೆ ಯಂತ್ರದ ಸೂತ್ರವನ್ನೇ ನಕಲು ಮಾಡಿ ಸೆಟ್ಟಿಂಗಿಗೂ ಹಾಕಿರುತ್ತಾರೆ. ಆಗ 200ರ ಬ್ಯಾಚಿಗೆ 200 ಸೆಟ್ಟಿಂಗ್ ಲೆಕ್ಕವಾಗಿ ಗೇಟ್ ವಾಲ್ವ್ ಮುಗಿಲಿಗೇರುತ್ತದೆ.

---

ಹುಬ್ಬಳ್ಳಿ_ಕಾಸ್ಟಿಂಗ್ ಬರೆದದ್ದು:

ನೀವು ಹೇಳಿದ್ದೇ ಸರಿ. ಎಲ್ಲ ಸ್ಪೆಷಲ್ ವಾಲ್ವ್‌ಗಳಲ್ಲೂ 100. ಹೊಸ ವಾಲ್ವ್ ಬಂದಾಗಲೆಲ್ಲ ಯಾವುದೋ ಗೇಟ್ ವಾಲ್ವಿನ ಮಾಸ್ಟರನ್ನು ನಕಲು ಮಾಡಿದ್ದಾರೆ, ಆ ಜಾಗವನ್ನು ಯಾರೂ ಮುಟ್ಟಿಲ್ಲ. 4 ಎಂದು ಬದಲಿಸಿ ಮತ್ತೆ ನಡೆಸಿದೆ. ಸೆಟ್ಟಿಂಗ್ 3,000 ಬಂತು. ಪರದೆಯ ಮೇಲೆ ಆ ಅಂಕಿ ಕಂಡಾಗ ಆದ ಸಮಾಧಾನ ಹೇಳತೀರದು.

---

ನಿವೃತ್ತ_ಲೆಕ್ಕಿಗ ಬರೆದದ್ದು:

ಬೆಳಗಾವಿಯವರು ಸರಿಯಾದ ನಾಡಿ ಹಿಡಿದರು. ನಾನು ಮೊದಲೇ ಹೇಳಬೇಕಾಗಿದ್ದ ಮಾತು ಅದು.

ಅದರ ಇನ್ನೊಂದು ಮುಖ ನೋಡಿ. ಲಾಟ್ ಸೈಜ್ 100 ಎಂದೇ ಬಿಟ್ಟು ಉತ್ಪಾದನೆ ಆರಂಭಿಸಿದ್ದರೆ, ಪ್ರತಿ ಸ್ಪೆಷಲ್ ಆರ್ಡರಿನಲ್ಲೂ ಸೆಟ್ಟಿಂಗಿಗೆ 12,000 ಖರ್ಚು ಬೀಳುತ್ತಿತ್ತು, ನಾಲ್ಕು ವಾಲ್ವಿನ ಸ್ಟ್ಯಾಂಡರ್ಡ್‌ನಿಂದ 480 ಮಾತ್ರ ವಾಪಸು ಬರುತ್ತಿತ್ತು. ಉಳಿದ 11,520 ಲಾಟ್ ಸೈಜ್ ವೇರಿಯನ್ಸ್ ಎಂಬ ಹೆಸರಿನಲ್ಲಿ ತಿಂಗಳ ಕೊನೆಗೆ ಒಟ್ಟಾಗಿ ಲಾಭನಷ್ಟಕ್ಕೆ ಹೋಗುತ್ತಿತ್ತು. ವೇರಿಯನ್ಸ್ ವರದಿಯಲ್ಲಿ ಆ ಸಾಲು ಒಂದೇ ಬಗೆಯ ಸರಕಿನಲ್ಲಿ ತಿಂಗಳು ತಿಂಗಳೂ ದೊಡ್ಡದಾಗಿ ಬರುತ್ತಿದ್ದರೆ ಕಾರ್ಮಿಕರನ್ನು ಬೈಯಬೇಡಿ, ಮಾಸ್ಟರ್ ತೆರೆಯಿರಿ.

ಟೆಸ್ಟಿಂಗನ್ನೂ ಹೀಗೆಯೇ ಮಾಡಿ. ಟೆಸ್ಟ್ ಬೆಂಚಿಗೆ ಪ್ರತ್ಯೇಕ ಕಾಸ್ಟ್ ಸೆಂಟರ್, ರೂಟಿಂಗ್‌ನ ಕೊನೆಯಲ್ಲಿ ಪ್ರಮಾಣಕ್ಕೆ ಕಟ್ಟುಬೀಳದ ಒಂದು ಆಪರೇಷನ್. ಟೆಂಪ್ಲೇಟ್ ಬೇಕಾಗುವುದು ಆರ್ಡರ್ ಸಿದ್ಧತೆಯ ಎಂಟು ಸಾವಿರಕ್ಕೆ ಮಾತ್ರ, ಅದಕ್ಕೂ ಬೇಕೇ ಎಂದು ಆಮೇಲೆ ಯೋಚಿಸಬಹುದು. ಕಾಸ್ಟಿಂಗ್ ಶೀಟ್‌ನಲ್ಲಿ ಮೆಟೀರಿಯಲ್ ಮೇಲೆ ಶೇಕಡಾ ಹಾಕುವ ದಾರಿ ಸುಲಭ, ಆದರೆ ನಿಕಲ್ ಬೆಲೆ ಏರಿದ ತಿಂಗಳು ನಕ್ಷೆ ನೋಡುವವನ ಸಂಬಳವೂ ಏರಿದಂತೆ ತೋರಿಸುತ್ತದೆ.

---

ಶಾಪ್‌ಫ್ಲೋರ್_ಪ್ಲ್ಯಾನರ್ ಬರೆದದ್ದು:

ಲೆಕ್ಕದವರ ಮಾತನ್ನೆಲ್ಲ ಓದಿದೆ. ನಾನು ಯಂತ್ರಗಳ ನಡುವೆ ಇಪ್ಪತ್ತು ವರ್ಷ ಕಳೆದವನು, ಈಗ ಪ್ಲ್ಯಾನಿಂಗ್ ನೋಡುತ್ತೇನೆ. ಒಂದು ಸೆಟ್ಟಿಂಗಿಗೆ 2,000 ಎಂದು ಎಲ್ಲದಕ್ಕೂ ಒಂದೇ ದರ ಹಾಕಿದ್ದೀರಲ್ಲ, ಅದನ್ನು ಒಪ್ಪಲಾರೆ. ಒಂದೇ ಯಂತ್ರ ದರವನ್ನು ತಪ್ಪೆಂದು ಹೇಳಿ, ಅದೇ ತಪ್ಪನ್ನು ಸೆಟ್ಟಿಂಗಿನಲ್ಲಿ ಮಾಡುತ್ತಿದ್ದೀರಿ.

ನಮ್ಮಲ್ಲಿ ಮಾಮೂಲಿ ವಾಲ್ವ್ ಬಾಡಿಯ ಫಿಕ್ಸ್ಚರ್ ಯಂತ್ರದ ಪಕ್ಕದಲ್ಲೇ ಇರುತ್ತದೆ. ಎತ್ತಿ ಕೂರಿಸಿ, ಡಯಲ್ ಹಿಡಿದು, ಒಂದು ಪೀಸ್ ನೋಡಿ ಬಿಡುತ್ತಾರೆ. ನಲವತ್ತು ನಿಮಿಷ. ಸ್ಪೆಷಲ್ ಬಂತೆಂದರೆ ಕಥೆಯೇ ಬೇರೆ. ದವಡೆ ಬದಲಿಸಬೇಕು, ಪ್ರೋಗ್ರಾಂ ತಿದ್ದಬೇಕು, ಮೊದಲ ಪೀಸ್ ಇನ್‌ಸ್ಪೆಕ್ಷನ್‌ಗೆ ಹೋಗಿ ಬರುವ ತನಕ ಯಂತ್ರ ನಿಂತಿರುತ್ತದೆ. ನಮ್ಮ ಹಿರಿಯ ಸೆಟ್ಟರ್ ಒಬ್ಬರು ಜಾಬ್ ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಹಿಡಿದ ಹೊತ್ತನ್ನು ಬರೆದಿಡುತ್ತಾರೆ. ಎಣ್ಣೆ ಮೆತ್ತಿದ ಆ ಕಾರ್ಡುಗಳನ್ನು ಒಮ್ಮೆ ಜೋಡಿಸಿ ನೋಡಿದೆ. 2-40, 2-15, 2-35. ಸರಾಸರಿ ಎರಡೂವರೆ ಗಂಟೆ. ಆ ಪೆನ್ಸಿಲ್ ಬರಹ ಇಆರ್‌ಪಿಗೆ ಎಂದೂ ಹೋಗಿಲ್ಲ. ಕನ್ಫರ್ಮೇಷನ್ ಪರದೆಯಲ್ಲಿ ಸೆಟ್ಟಿಂಗ್ ಜಾಗ ಇದ್ದರೂ ಎಲ್ಲರೂ ಅದನ್ನು ದಾಟಿ ಹೋಗುತ್ತಾರೆ.

---

ನಿವೃತ್ತ_ಲೆಕ್ಕಿಗ ಬರೆದದ್ದು:

ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ಎಣಿಕೆಯ ಬದಲು ಸಮಯ ಹಿಡಿಯೋಣ. ರಾಬರ್ಟ್ ಕಾಪ್ಲಾನ್ ಮತ್ತು ಸ್ಟೀವನ್ ಆ್ಯಂಡರ್ಸನ್ 2004ರಲ್ಲಿ ಮುಂದಿಟ್ಟ ಸಮಯಾಧಾರಿತ ಎಬಿಸಿ ಹೇಳುವುದೂ ಇದನ್ನೇ.

ಹುಬ್ಬಳ್ಳಿಯ ಐವರು ಸೆಟ್ಟರ್‌ಗಳು 25 ದಿನ ಎಂಟೆಂಟು ಗಂಟೆ ಎಂದರೆ 1,000 ಗಂಟೆ. ಚಹಾ, ರಜೆ, ಟೂಲ್ ಹುಡುಕಾಟ ಕಳೆದು 800 ಗಂಟೆ ಕೈಗೆ ಸಿಗುತ್ತದೆ ಎಂದುಕೊಳ್ಳಿ. 7,20,000ವನ್ನು 800ಕ್ಕೆ ಭಾಗಿಸಿದರೆ ಗಂಟೆಗೆ 900. ಪ್ಲ್ಯಾನರ್ ಹೇಳಿದ ಸಮಯವೇ ಅಲ್ಲಿಯೂ ಇದ್ದರೆ, ಸ್ಪೆಷಲ್ ಬ್ಯಾಚಿಗೆ ಆರು ಸೆಟ್ಟಿಂಗ್, 15 ಗಂಟೆ, 13,500. ಗೇಟ್ ವಾಲ್ವ್ ಬ್ಯಾಚಿಗೆ ನಾಲ್ಕು ಗಂಟೆ, 3,600. ಅಂದರೆ ಒಂದು ಸ್ಪೆಷಲ್ ವಾಲ್ವ್ 7,400ರಿಂದ 7,775ಕ್ಕೆ ಏರುತ್ತದೆ, ಗೇಟ್ ವಾಲ್ವ್ 665ರಿಂದ 623ಕ್ಕೆ ಇಳಿಯುತ್ತದೆ.

ತಿಂಗಳಿಗೆ ಬಳಕೆಯಾಗುವುದು ಎಲ್ಲ ಸೇರಿ 625 ಗಂಟೆ. ಉಳಿದ 175 ಗಂಟೆಯ 1,57,500 ರೂಪಾಯಿ ಯಾವ ವಾಲ್ವಿಗೂ ಸೇರದೆ ಬೇರೆಯಾಗಿ ಕಾಣುತ್ತದೆ. ಎಣಿಕೆಯ ವಿಧಾನದಲ್ಲಿ ಈ ಖಾಲಿ ಸಮಯ 2,000ದ ಒಳಗೆ ಅಡಗಿ ಕುಳಿತಿತ್ತು.

---

ದಾವಣಗೆರೆ_ಮಸಾಲೆ ಬರೆದದ್ದು:

ಸರ್, ನೀವು ಕೇಳಿದ ಪ್ರಶ್ನೆಯ ಮೇಲೆ ಎರಡು ದಿನ ಗಡಿಯಾರ ಹಿಡಿದು ನಿಂತೆ. ಖಾರದ ಪುಡಿಯಿಂದ ರಸಂ ಪುಡಿಗೆ ಬದಲಾಗುವಾಗ ತೊಳೆದು ಒಣಗಿಸಲು ಮುಕ್ಕಾಲು ಗಂಟೆ ಬೇಕು. ರಸಂ ಪುಡಿಯಿಂದ ಖಾರಕ್ಕೆ ಹೋಗುವಾಗ ಬ್ರಷ್ ಹಾಕಿದರೆ ಸಾಕು, ಹತ್ತು ನಿಮಿಷ. ಇದು ಎಲ್ಲಿಯೂ ಲೆಕ್ಕದಲ್ಲಿಲ್ಲ. ಇಆರ್‌ಪಿನೆಕ್ಸ್ಟ್‌ನಲ್ಲಿ ಹೇಗೆ ತೋರಿಸುವುದು?

---

ಸ್ಯಾಪ್_ಬೆಳಗಾವಿ ಬರೆದದ್ದು:

ಬಿಒಎಂನ ಆಪರೇಷನ್ ಸಾಲಿನಲ್ಲಿ `Fixed Time` ಎಂಬ ಗುರುತು ಇದೆ. ತೊಳೆಯುವುದನ್ನು ಬೇರೆ ಆಪರೇಷನ್ ಮಾಡಿ ಅದಕ್ಕೆ ಗುರುತು ಹಾಕಿ. ಆಗ ಸಮಯ ಪ್ರಮಾಣದೊಂದಿಗೆ ಬೆಳೆಯುವುದಿಲ್ಲ. ಅಲ್ಲಿಯೂ ಬಿಒಎಂನಲ್ಲಿ ಬರೆದ ಪ್ರಮಾಣ ನಿಮ್ಮ ನಿಜವಾದ ಬ್ಯಾಚಿಗೆ ಹೊಂದಬೇಕು, ಇಲ್ಲವಾದರೆ ಹುಬ್ಬಳ್ಳಿಯವರಿಗೆ ಬಂದ 120ರ ಕಥೆಯೇ ನಿಮಗೂ ಬರುತ್ತದೆ.

ಯಾವುದರ ನಂತರ ಯಾವುದು ಎಂಬುದರ ಮೇಲೆ ಸಮಯ ಬದಲಾಗುವುದನ್ನು ಮಾತ್ರ ಬಿಒಎಂ ಹಿಡಿಯಲಾರದು. ವಾರದ ಅರೆಯುವ ಸರದಿಯನ್ನು ಮೆದುವಾದದ್ದರಿಂದ ಖಾರದ ಕಡೆಗೆ ಜೋಡಿಸಿ, ಸರಾಸರಿ ಹಾಕಿ. ಲೆಕ್ಕಕ್ಕಿಂತ ಆ ಸರದಿಯೇ ಹೆಚ್ಚು ಹಣ ಉಳಿಸುತ್ತದೆ.

---

ಪೀಣ್ಯ_ಘಟಕ ಬರೆದದ್ದು:

ಖಾಲಿ ಗಂಟೆಯ ವಿಷಯ ಒಪ್ಪಿದೆ, ನಮ್ಮ ಸೂಚಕ 5 ಇದೆ, ಅದನ್ನು ಆಡಿಟರ್ ಜೊತೆ ಮಾತನಾಡುತ್ತೇನೆ. ಒಂದು ಸಂದೇಹ ಉಳಿದಿದೆ. ಸ್ಪೆಷಲ್ ವಾಲ್ವಿನ ಓವರ್‌ಹೆಡ್ 7,400 ಎಂದಿರಿ. ಹುಬ್ಬಳ್ಳಿಯವರು ನಾಳೆ ಸ್ಪೆಷಲ್ ನಿಲ್ಲಿಸಿದರೆ ತಿಂಗಳಿಗೆ ಹತ್ತು ಲಕ್ಷಕ್ಕೂ ಮೀರಿ ಉಳಿಯುತ್ತದೆಯೇ? ಸೆಟ್ಟರ್‌ಗಳು, ನಕ್ಷೆ ನೋಡುವವರು ಎಲ್ಲಿಗೂ ಹೋಗುವುದಿಲ್ಲವಲ್ಲ. ಇರುವ ಆರ್ಡರನ್ನೂ ಕಳೆದುಕೊಂಡಂತೆ ಆಗುವುದಿಲ್ಲವೇ?

---

ನಿವೃತ್ತ_ಲೆಕ್ಕಿಗ ಬರೆದದ್ದು:

ಈ ಪ್ರಶ್ನೆಗಾಗಿ ನಿಮಗೆ ಧನ್ಯವಾದ. ಉಳಿಯುವುದಿಲ್ಲ. ನಾಳೆ ನಿಲ್ಲಿಸಿದರೆ ಉಳಿಯುವುದು ಕರೆಂಟು, ಟೂಲ್, ಟ್ರಯಲ್ ಪೀಸ್ ಅಷ್ಟೇ. ಐವರಲ್ಲಿ ಮೂವರು ಸೆಟ್ಟರ್‌ಗಳಿಗೆ ಬೇರೆ ಕೆಲಸ ಕೊಟ್ಟಾಗ ಅಥವಾ ಹೊಸಬರನ್ನು ತೆಗೆದುಕೊಳ್ಳುವುದು ತಪ್ಪಿದಾಗ ಮಾತ್ರ ಉಳಿದದ್ದು ಕೈಗೆ ಬರುತ್ತದೆ. 7,400 ಎಂಬುದು ಈ ಸರಕು ನಮ್ಮ ಜನರ ಎಷ್ಟು ಸಮಯ ತಿನ್ನುತ್ತದೆ ಎಂಬುದರ ಅಳತೆ. ಮುಂದಿನ ವರ್ಷದ ಬೆಲೆಗೆ, ಕನಿಷ್ಠ ಆರ್ಡರ್ ಪ್ರಮಾಣ ನಿಗದಿ ಮಾಡಲು ಅದು ಸರಿ. ಇಂದು ಸಂಜೆ ಒಂದು ಆರ್ಡರ್ ಬೇಡವೆನ್ನಲು ಸರಿಯಲ್ಲ.

ನಾಲ್ಕರ ಬದಲು ಎಂಟು ವಾಲ್ವ್ ತೆಗೆದುಕೊಳ್ಳಿ ಎಂದು ಗ್ರಾಹಕರನ್ನು ಒಪ್ಪಿಸಿ ನೋಡಿ. ಸೆಟ್ಟಿಂಗ್, ಆರ್ಡರ್, ಟೆಸ್ಟ್ ಮೂರೂ ಸೇರಿದ 24,000 ಎಂಟಕ್ಕೆ ಹಂಚಿ ವಾಲ್ವಿಗೆ 3,000 ಇಳಿಯುತ್ತದೆ. ದರಪಟ್ಟಿಯಲ್ಲಿ ಪ್ರತಿ ಆರ್ಡರಿಗೆ ಇಷ್ಟು, ಪ್ರತಿ ವಾಲ್ವಿಗೆ ಇಷ್ಟು ಎಂದು ಎರಡು ಸಾಲು ಬರೆದರೆ ಗ್ರಾಹಕರಿಗೇ ಅದು ಕಾಣುತ್ತದೆ.

---

ಹುಬ್ಬಳ್ಳಿ_ಕಾಸ್ಟಿಂಗ್ ಬರೆದದ್ದು:

ಒಂದೂವರೆ ತಿಂಗಳ ನಂತರ ಬರೆಯುತ್ತಿದ್ದೇನೆ. ಸ್ಪೆಷಲ್ ವಾಲ್ವ್‌ಗಳ ಲಾಟ್ ಸೈಜ್ ಎಲ್ಲ ತಿದ್ದಿದ್ದೇವೆ. ಹಿಂದಿನ ಆರು ತಿಂಗಳ ಆರ್ಡರ್ ನೋಡಿ ಸರಾಸರಿ ಹಾಕಿದೆವು, ಕೆಲವಕ್ಕೆ 3, ಕೆಲವಕ್ಕೆ 6. ಸೆಟ್ಟಿಂಗ್ ಮತ್ತು ಟೆಸ್ಟ್ ರೂಟಿಂಗ್‌ಗೆ ಬಂದಿವೆ.

ಸಮಯದ ವಿಧಾನವನ್ನು ಇನ್ನೂ ತಂದಿಲ್ಲ. ಸೆಟ್ಟಿಂಗ್ ಸಮಯ ತುಂಬಿ ಎಂದಾಗ ಮೊದಲ ವಾರ ಎಲ್ಲ ಕನ್ಫರ್ಮೇಷನ್‌ನಲ್ಲೂ 60 ನಿಮಿಷ ಎಂದೇ ಬಂತು. ಅದು ಅಳೆದದ್ದಲ್ಲ, ಬರೆದದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಪ್ಲ್ಯಾನರ್ ಅವರು ಹೇಳಿದ ಹಾಗೆ ನಮ್ಮಲ್ಲೂ ಪೆನ್ಸಿಲ್ ಇಟ್ಟುಕೊಳ್ಳುವ ಒಬ್ಬ ಹಿರಿಯರು ಸಿಕ್ಕರು. ಅವರ ಯಂತ್ರದಿಂದಲೇ ಆರಂಭಿಸಿದ್ದೇವೆ.

ಹೊಸ ಲೆಕ್ಕದ ಮೇಲೆ ಗೇಟ್ ವಾಲ್ವಿನ ಒಂದು ಟೆಂಡರಿಗೆ ದರ ಇಳಿಸಿ ಹಾಕಿದ್ದೇವೆ, ಫಲಿತಾಂಶ ಬಂದಿಲ್ಲ. ಸ್ಪೆಷಲ್ ಬೆಲೆ ಏರಿಸಲು ಮಾರಾಟದವರು ಒಪ್ಪಿಲ್ಲ. ಆ ಗ್ರಾಹಕರಲ್ಲಿ ಇಬ್ಬರು ನಮ್ಮಿಂದಲೇ ಗೇಟ್ ವಾಲ್ವನ್ನೂ ಸಾವಿರಗಟ್ಟಲೆ ಕೊಳ್ಳುತ್ತಾರೆ, ಅವರನ್ನು ನೋಯಿಸಬಾರದು ಎಂಬುದು ಅವರ ವಾದ. ಆ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ.

ಆರ್ಡರ್ ಸಿದ್ಧತೆಯ 4,80,000ದ ಬಗ್ಗೆಯೂ ಭಿನ್ನಾಭಿಪ್ರಾಯ ಇದೆ. ಗ್ರಾಹಕರ ನಕ್ಷೆಗಾಗಿ ಮಾಡಿದ ವಿನ್ಯಾಸದ ಕೆಲಸವನ್ನು ದಾಸ್ತಾನಿಗೆ ಸೇರಿಸಬಹುದು ಎಂದು ನಾನು, ಅದರಲ್ಲಿ ದರಪತ್ರ ಬರೆಯುವ ಮಾರಾಟದ ಕೆಲಸವೂ ಬೆರೆತಿದೆ, ಅದನ್ನು ಸೇರಿಸುವಂತಿಲ್ಲ ಎಂದು ಆಡಿಟರ್. ಸದ್ಯಕ್ಕೆ ಅಷ್ಟನ್ನೂ ದಾಸ್ತಾನಿನಿಂದ ಹೊರಗಿಟ್ಟು ಬೆಲೆಯ ವರದಿಯಲ್ಲಿ ಮಾತ್ರ ತೋರಿಸುತ್ತಿದ್ದೇನೆ. ಆ ವಿಭಾಗದ ಮೂವರು ಯಾವ ಕೆಲಸಕ್ಕೆ ಎಷ್ಟು ಹೊತ್ತು ಕೊಡುತ್ತಾರೆ ಎಂದು ಒಂದು ತಿಂಗಳು ಬರೆಸಿ ನೋಡೋಣ ಎಂದಿದ್ದೇನೆ. ಇದನ್ನು ಬೇರೆ ಕಾರ್ಖಾನೆಯಲ್ಲಿ ಮಾಡಿದವರಿದ್ದರೆ ನಮೂನೆ ಹೇಗಿತ್ತು ಎಂದು ತಿಳಿಸಿ.

---

ಶಾಪ್‌ಫ್ಲೋರ್_ಪ್ಲ್ಯಾನರ್ ಬರೆದದ್ದು:

ನಾವು ಮಾಡಿದ್ದೇವೆ. ಅರ್ಧ ಗಂಟೆಯ ಮನೆಗಳಿರುವ ಒಂದೇ ಹಾಳೆ, ದಿನಕ್ಕೊಂದು. ಕಾರಣದ ಸಂಕೇತ ಐದಕ್ಕಿಂತ ಹೆಚ್ಚು ಇಡಬೇಡಿ. ಇಪ್ಪತ್ತು ಇಟ್ಟಾಗ ಎಲ್ಲರೂ ‘ಇತರೆ’ ಎಂದೇ ಬರೆದರು. ಊಟದ ಮೊದಲು ಒಮ್ಮೆ, ಮನೆಗೆ ಹೋಗುವಾಗ ಒಮ್ಮೆ ತುಂಬಲಿ, ವಾರದ ಕೊನೆಗೆ ಬೇಡ. ನಮ್ಮ ಹಾಳೆಯ ನಮೂನೆಯನ್ನು ಸೋಮವಾರ ಇಲ್ಲಿ ಹಾಕುತ್ತೇನೆ.